ತಾಳೆ ನೋಡುವುದು ಬೇರೆ, ಹುಡುಕುವುದು ಬೇರೆ

(ಜಯನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎರಡು ಮುಖಗಳ ಕಥೆಯಿಂದ ಶುರು ಮಾಡುತ್ತೇನೆ.

ಮೊದಲನೆಯದು ನಮ್ಮಮ್ಮನ ಮುಖ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಅದಕ್ಕೆ ವರ್ಷಕ್ಕೊಂದು ಸಲ ಜೀವನ ಪ್ರಮಾಣ ಪತ್ರ ಕೊಡಬೇಕು. ಮೊದಲೆಲ್ಲ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಿದ್ದೆವು. 2021ರ ನವೆಂಬರ್‌ನಿಂದ ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಿಸುವ ಅನುಕೂಲ ಬಂತು. ಹೋದ ನವೆಂಬರ್‌ನಲ್ಲಿ ಅಮ್ಮನನ್ನು ಅಡುಗೆಮನೆಯ ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂರಿಸಿದೆ. ಮೊದಲು ಅವರ ಆಧಾರ್ ನಂಬರ್ ಒತ್ತಿದೆ. ಆಮೇಲೆ ಕ್ಯಾಮೆರಾ ಹಿಡಿದೆ. ಎರಡು ಸಲ ಆಗಲಿಲ್ಲ. ಕಿಟಕಿ ಅವರ ಬೆನ್ನ ಹಿಂದಿತ್ತು, ಮುಖವೆಲ್ಲ ಕಪ್ಪಾಗಿ ಕಾಣುತ್ತಿತ್ತು. ಕುರ್ಚಿ ತಿರುಗಿಸಿ ಬೆಳಕು ಮುಖದ ಮೇಲೆ ಬೀಳುವ ಹಾಗೆ ಮಾಡಿದೆ. "ಕಣ್ಣು ಮಿಟುಕಿಸಮ್ಮ" ಎಂದೆ. ಮಿಟುಕಿಸಿದರು. ಆಯಿತು.

ಎರಡನೆಯದು ಒಬ್ಬ ಹೊಲಿಗೆ ಕೆಲಸದ ಹೆಣ್ಣುಮಗಳ ಮುಖ. ನನ್ನ ಕೆಲಸ ಹಾಜರಿ ಮಷೀನ್ ಕೂರಿಸುವುದು, ಕೆಟ್ಟರೆ ಹೋಗಿ ನೋಡುವುದು. ನಗರದ ಅಂಚಿನಲ್ಲಿರುವ ಒಂದು ಗಾರ್ಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಗೋಡೆಗೆ ಒಂದು ಮಷೀನ್ ಹಾಕಿದ್ದರು. ಬೆಳಿಗ್ಗೆ ಎಂಟೂವರೆಗೆ ಸಾಲು ಬರುತ್ತದೆ. ಕಾರ್ಡ್ ಇಲ್ಲ, ನಂಬರ್ ಇಲ್ಲ. ಸುಮ್ನೆ ಮುಖ ಎತ್ತಿ ನೋಡಿದರೆ ಸಾಕು, ಹೆಸರು ಬರುತ್ತದೆ, ಹಾಜರಿ ಬೀಳುತ್ತದೆ. ಈ ಹೆಣ್ಣುಮಗಳು ಇಡೀ ತಿಂಗಳು ಒಂದು ದಿನವೂ ತಪ್ಪಿಸದೆ ಬಂದಿದ್ದರು. ಸಂಬಳದಲ್ಲಿ ಮಾತ್ರ ಮೂರು ದಿನದ ದುಡ್ಡು ಕಡಿತವಾಗಿತ್ತು. ಆ ಮೂರು ದಿನ ಅವರು ಬಂದೇ ಇಲ್ಲ ಎಂದು ಮಷೀನ್ ಹೇಳುತ್ತಿತ್ತು.

ನೋಡುವವರಿಗೆ ಎರಡೂ ಒಂದೇ. ಕ್ಯಾಮೆರಾ ಇದೆ, ಮುಖ ಇದೆ, ಹಸಿರು ಟಿಕ್ ಇದೆ. ಒಳಗಿನ ಸಾಫ್ಟ್‌ವೇರ್ ಕೂಡ ಹೆಚ್ಚುಕಮ್ಮಿ ಒಂದೇ ಜಾತಿಯದು. ಆದರೆ ಅಮ್ಮನ ವಿಷಯದಲ್ಲಿ ಮಷೀನ್‌ಗೆ ಕೇಳಿದ ಪ್ರಶ್ನೆ, "ಈ ನಂಬರ್ ನನ್ನದು ಅಂತ ಇವರು ಹೇಳುತ್ತಿದ್ದಾರೆ, ಹೌದಾ?" ಕಾರ್ಖಾನೆ ಗೇಟಿನಲ್ಲಿ ಕೇಳಿದ ಪ್ರಶ್ನೆ, "ಇವರು ಯಾರು?" ಮೊದಲನೆಯದನ್ನು ನಾನು ತಾಳೆ ಎನ್ನುತ್ತೇನೆ. ಒಂದು ಮುಖ, ಅದಕ್ಕೆ ಎದುರಾಗಿ ಒಂದೇ ಫೋಟೊ. ಎರಡನೆಯದು ಹುಡುಕಾಟ. ಒಂದು ಮುಖ, ಅದಕ್ಕೆ ಎದುರಾಗಿ ಪಟ್ಟಿಯಲ್ಲಿರುವ ಎಲ್ಲರ ಫೋಟೊ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ: ತಾಳೆಯಲ್ಲಿ ಚೆನ್ನಾಗಿ ಕೆಲಸ ಮಾಡುವ ಮಷೀನ್, ಏನೂ ಕೆಡದೆ, ಏನೂ ಬದಲಾಗದೆ, ಹುಡುಕಾಟದಲ್ಲಿ ತಪ್ಪು ಮನುಷ್ಯನನ್ನು ಹಿಡಿದು ಕೊಡಬಲ್ಲದು. ಅದು ಹೇಗೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ.

ಮಷೀನ್ ಒಳಗೆ ಏನಾಗುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ನಿಮ್ಮ ಫೋಟೊ ತೆಗೆದ ತಕ್ಷಣ ಅದು ಮುಖವನ್ನು ಅಂಕಿಗಳ ಒಂದು ಸಾಲಾಗಿ ಮಾಡಿಕೊಳ್ಳುತ್ತದೆ. ಈಗ ಬಳಕೆಯಲ್ಲಿರುವ ಅನೇಕ ಸಾಫ್ಟ್‌ವೇರ್‌ಗಳಲ್ಲಿ 512 ಅಂಕಿಗಳ ಸಾಲು. ಇನ್ನೊಂದು ಫೋಟೊಗೂ ಅಂಥದೇ ಸಾಲು. ಎರಡು ಸಾಲು ಎಷ್ಟು ಹತ್ತಿರ ಇವೆ ಎಂದು ಅಳೆದು ಒಂದು ಅಂಕ ಕೊಡುತ್ತದೆ. 0.58, 0.61, ಹೀಗೆ. ಅಷ್ಟೇ ಅದರ ಕೆಲಸ. "ಇವರು ಅವರೇ" ಎಂದು ಮಷೀನ್ ಯಾವತ್ತೂ ಹೇಳುವುದಿಲ್ಲ. ಎಷ್ಟು ಅಂಕ ಬಂದರೆ ಒಬ್ಬರೇ ಎಂದು ಒಪ್ಪಬೇಕು ಅನ್ನುವ ಗೆರೆಯನ್ನು ಎಳೆಯುವವರು ನಾವು, ಮನುಷ್ಯರು.

ಗೆರೆ ಕೆಳಗಿದ್ದರೆ ಬೇರೆಯವರೂ ದಾಟಿಬಿಡುತ್ತಾರೆ. ಮೇಲಿದ್ದರೆ ನಿಜವಾದವರೇ ಹೊರಗೆ ಉಳಿಯುತ್ತಾರೆ, ಕಿಟಕಿ ಹಿಂದಿದ್ದಾಗ ನಮ್ಮಮ್ಮ ಉಳಿದ ಹಾಗೆ. ಈ ಎರಡು ತಪ್ಪುಗಳನ್ನೂ ಒಟ್ಟಿಗೆ ಸೊನ್ನೆ ಮಾಡುವ ಗೆರೆ ಇಲ್ಲ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದು ಜಾಸ್ತಿ ಆಗುತ್ತದೆ.

ಈಗ ನಿಮ್ಮ ಜೇಬಿನಲ್ಲಿರುವ ಫೋನ್ ನೆನಪಿಸಿಕೊಳ್ಳಿ. ಐಫೋನ್‌ನ ಫೇಸ್ ಐಡಿ ಬಗ್ಗೆ ಆ್ಯಪಲ್ ಕಂಪನಿ ಹೇಳುವ ಲೆಕ್ಕ ಹೀಗಿದೆ: ದಾರಿಯಲ್ಲಿ ಹೋಗುವ ಯಾರೋ ಒಬ್ಬರು ನಿಮ್ಮ ಫೋನ್ ನೋಡಿದರೆ ಅದು ತೆರೆದುಕೊಳ್ಳುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ತುಂಬಾ ಒಳ್ಳೆಯ ಲೆಕ್ಕ ಅದು. ಈಗ ಬೆಂಗಳೂರಿನ ಜನಸಂಖ್ಯೆ ತಗೊಳ್ಳಿ. ಒಂದು ಕೋಟಿಗಿಂತ ಜಾಸ್ತಿ. ತಪ್ಪಿನ ಪ್ರಮಾಣ ಹತ್ತು ಲಕ್ಷಕ್ಕೆ ಒಂದು ಎಂದೇ ಹಿಡಿದರೆ, ಈ ಊರಿನಲ್ಲಿ ಹತ್ತು ಹನ್ನೆರಡು ಜನ ತಮ್ಮ ಮುಖದಿಂದ ನಿಮ್ಮ ಫೋನ್ ತೆರೆಯಬಲ್ಲರು. ಒಬ್ಬರು ಯಲಹಂಕದಲ್ಲಿ ಇರಬಹುದು, ಇನ್ನೊಬ್ಬರು ಬನಶಂಕರಿಯಲ್ಲಿ. ಇದರಿಂದ ನಿಮಗೇನೂ ಭಯವಿಲ್ಲ, ಯಾಕೆಂದರೆ ಅವರ ಕೈಗೆ ನಿಮ್ಮ ಫೋನ್ ಸಿಗುವುದಿಲ್ಲ. ಫೋನ್ ನಿಮ್ಮ ಕೈಯಲ್ಲಿದೆ ಅನ್ನುವುದೇ "ಇದು ನನ್ನದು" ಎಂದು ನೀವು ಮೊದಲೇ ಹೇಳಿದ ಹಾಗೆ. ಅಮ್ಮನ ಆಧಾರ್ ನಂಬರ್ ಮಾಡಿದ್ದೂ ಅದೇ ಕೆಲಸ.

ಹುಡುಕಾಟ ಅಂದರೆ ಏನು ಗೊತ್ತಾ? ಆ ಒಂದೇ ಫೋನನ್ನು ಬೆಂಗಳೂರಿನ ಪ್ರತಿಯೊಬ್ಬರ ಮುಖದ ಮುಂದೂ ಹಿಡಿದುಕೊಂಡು ಹೋಗುವುದು. ಆಗ ಆ ಹತ್ತು ಹನ್ನೆರಡು ಜನ ಸಿಕ್ಕೇ ಸಿಗುತ್ತಾರೆ. ಫೋನ್ ಕೆಟ್ಟಿಲ್ಲ. ಪ್ರಶ್ನೆಯನ್ನು ಒಂದು ಕೋಟಿ ಸಲ ಕೇಳಿದ್ದೇವೆ, ಅಷ್ಟೇ.

ಈಗ ಕಾರ್ಖಾನೆಗೆ ವಾಪಸ್ ಬರೋಣ. ಅಲ್ಲಿ ಶುರುವಿನಲ್ಲಿ ಒಂದು ಘಟಕ, 300 ಜನ. ಮಷೀನ್ ಎರಡು ವರ್ಷ ದೂರಿಲ್ಲದೆ ನಡೆದಿತ್ತು. ಆಮೇಲೆ ಯಾವ ಗೇಟಿನಲ್ಲಿ ಬಂದರೂ ಹಾಜರಿ ಬೀಳಲಿ ಎಂದು ಎಲ್ಲ ಘಟಕಗಳ ಪಟ್ಟಿಯನ್ನು ಒಂದೇ ಡೇಟಾಬೇಸ್‌ಗೆ ಸೇರಿಸಿದರು. 300 ಇದ್ದದ್ದು 6,000 ಆಯಿತು. ಗೆರೆಯನ್ನು ಯಾರೂ ಮುಟ್ಟಲಿಲ್ಲ. 300 ಜನರಿಗೆ ಇಟ್ಟಿದ್ದ 0.55 ಹಾಗೇ ಉಳಿಯಿತು. ಸರ್ವರ್ ತಡೆಯುತ್ತದೆಯೇ ಎಂದು ಎಲ್ಲರೂ ಕೇಳಿದ್ದರು. ಗೆರೆ ಬದಲಿಸಬೇಕೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಆ ಗೆರೆಯಲ್ಲಿ ಇಬ್ಬರು ಬೇರೆ ಬೇರೆ ಜನರನ್ನು ಒಬ್ಬರೇ ಎಂದು ತಪ್ಪಾಗಿ ಒಪ್ಪುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ 300 ಜನ ಇದ್ದಾಗ, ಒಬ್ಬ ಕೆಲಸಗಾರ್ತಿಯ ಮುಖಕ್ಕೆ ಹೋಲುವ ಇನ್ನೊಂದು ಮುಖ ಗೆರೆ ದಾಟುವ ಸಾಧ್ಯತೆ ನೂರಕ್ಕೆ ಮೂರು. 6,000 ಆದಾಗ ಅದು ನೂರಕ್ಕೆ ನಲವತ್ತೈದು. ಅಂದರೆ ಸುಮಾರು ಅರ್ಧದಷ್ಟು ಜನರಿಗೆ ಪಟ್ಟಿಯಲ್ಲಿ ಎಲ್ಲೋ ಒಬ್ಬ ಜೋಡಿ ಇದ್ದಾರೆ.

ಹಾಗಾದರೆ ಅರ್ಧ ಜನರ ಹಾಜರಿ ತಪ್ಪಬೇಕಿತ್ತಲ್ವಾ? ಇಲ್ಲ. ಗೆರೆ ದಾಟಿದವರಲ್ಲಿ ಯಾರ ಅಂಕ ಎಲ್ಲಕ್ಕಿಂತ ಜಾಸ್ತಿಯೋ ಅವರ ಹೆಸರನ್ನು ಮಷೀನ್ ತೋರಿಸುತ್ತದೆ. ನಿಮ್ಮದೇ ಫೋಟೊ ಜೊತೆ ನಿಮ್ಮ ಅಂಕ ಸಾಮಾನ್ಯವಾಗಿ 0.75, 0.8 ಇರುತ್ತದೆ. ಹೋಲುವವರದು 0.57, 0.6. ನೀವೇ ಗೆಲ್ಲುತ್ತೀರಿ. ಹೀಗಾಗಿ ತಪ್ಪು ಬಹಳ ದಿನ ಅಡಗಿ ಕೂತಿರುತ್ತದೆ. ನಿಮ್ಮ ಅಂಕ ಯಾವುದೋ ಕಾರಣಕ್ಕೆ ಇಳಿದ ದಿನ ಮಾತ್ರ ಅದು ಹೊರಗೆ ಬರುತ್ತದೆ.

ನಾನು ಆ ಮೂರು ದಿನದ ಲಾಗ್ ತೆಗೆದು ನೋಡಿದೆ. ಪ್ರತಿ ಸಲ ಮಷೀನ್ ಮೊದಲ ಐದು ಹೆಸರುಗಳನ್ನು ಅಂಕದ ಜೊತೆ ಬರೆದಿಡುತ್ತದೆ. ಒಂದು ದಿನ ಬೆಳಿಗ್ಗೆ 8:41ಕ್ಕೆ ಮೊದಲ ಸಾಲಿನಲ್ಲಿ ಬೇರೆ ಘಟಕದ ಒಬ್ಬ ಹೆಂಗಸಿನ ಹೆಸರು, 0.61. ಎರಡನೇ ಸಾಲಿನಲ್ಲಿ ಈ ಹೆಣ್ಣುಮಗಳದೇ ಹೆಸರು, 0.58. ಎರಡೂ ಗೆರೆಯ ಮೇಲೆ. ನಡುವೆ ಅಂತರ 0.03 ಮಾತ್ರ. ಅವರು ಬಂದಿದ್ದರು, ಮಷೀನ್ ಅವರನ್ನು ಗುರುತಿಸಿಯೂ ಇತ್ತು, ಎರಡನೇ ಸ್ಥಾನದಲ್ಲಿ. ಅವರ ನೋಂದಣಿ ಫೋಟೊ ತೆರೆದೆ. ಸೇರಿದ ದಿನ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು, ತಲೆ ಒಂದು ಕಡೆ ವಾಲಿತ್ತು. ಆ ಮೂರೂ ದಿನ ಮಳೆ, ಗೇಟಿನಲ್ಲಿ ಮಂಕು ಬೆಳಕು. ಅವರ ಅಂಕ ಇಳಿದಿತ್ತು. ಆ ಇನ್ನೊಬ್ಬರು ಆ ಮೂರು ದಿನ ರಜೆಯಲ್ಲಿದ್ದರು, ಅವರ ಹೆಸರಿಗೆ ಮಾತ್ರ ಹಾಜರಿ ಬಿದ್ದಿತ್ತು.

ಆ ಇಬ್ಬರಿಗೂ ಪರಿಚಯವೇ ಇರಲಿಲ್ಲ. ಆದರೆ ವಯಸ್ಸು ಹೆಚ್ಚುಕಮ್ಮಿ ಒಂದೇ, ಊರೂ ಒಂದೇ ಕಡೆ. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಹತ್ತು ಸಾವಿರಕ್ಕೆ ಒಂದು ಅನ್ನುವುದೆಲ್ಲ ಸರಾಸರಿ. ಯಾರನ್ನು ಯಾರ ಜೊತೆ ಹೋಲಿಸಿದರೂ ಒಂದೇ ಅಲ್ಲ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್ 2019ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಪರೀಕ್ಷೆಯ ವರದಿ ಕೊಟ್ಟಿತು. ಬೇರೆಯವರನ್ನು ಒಬ್ಬರೇ ಎಂದು ಒಪ್ಪುವ ತಪ್ಪು, ಜನರ ಮೂಲ ಯಾವುದು ಅನ್ನುವುದರ ಮೇಲೆ ಅನೇಕ ಸಾಫ್ಟ್‌ವೇರ್‌ಗಳಲ್ಲಿ ಹತ್ತು ಪಟ್ಟಿನಿಂದ ನೂರು ಪಟ್ಟಿನವರೆಗೆ ಬದಲಾಗುತ್ತಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಆ ತಪ್ಪು ಜಾಸ್ತಿ ಇತ್ತು. ಒಂದೇ ಪ್ರದೇಶದ, ಒಂದೇ ವಯಸ್ಸಿನ ಸಾವಿರಾರು ಹೆಂಗಸರು, ಜೊತೆಗೆ ಅಕ್ಕತಂಗಿಯರೂ ಕೆಲಸ ಮಾಡುವ ಜಾಗದಲ್ಲಿ ಸರಾಸರಿ ಲೆಕ್ಕ ನಂಬಿದರೆ ಪೆಟ್ಟು ಅವರಿಗೇ ಬೀಳುತ್ತದೆ.

ಪರಿಹಾರಕ್ಕೆ ಹೊಸ ಮಷೀನ್ ಬೇಕಾಗಲಿಲ್ಲ. ಗೇಟಿನಲ್ಲಿ ಒಂದು ಚಿಕ್ಕ ಕೀಪ್ಯಾಡ್ ಹಾಕಿದೆವು. ಮೊದಲು ನೌಕರಿ ನಂಬರ್ ಒತ್ತಬೇಕು, ಆಮೇಲೆ ಮುಖ. 6,000 ಫೋಟೊ ಹುಡುಕುತ್ತಿದ್ದ ಮಷೀನ್ ಈಗ ಒಂದೇ ಫೋಟೊ ತೆಗೆದು ತಾಳೆ ನೋಡುತ್ತದೆ. ಒಬ್ಬೊಬ್ಬರಿಗೆ ಮೂರು ನಾಲ್ಕು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಸಾಲು ಸ್ವಲ್ಪ ಉದ್ದ ಆಗುತ್ತದೆ. ಆಡಳಿತದವರಿಗೆ ಅದು ಇಷ್ಟವಾಗಲಿಲ್ಲ. ಲಾಗ್‌ನ ಆ ಎರಡು ಸಾಲನ್ನು ಮುದ್ರಿಸಿ ಮೇಜಿನ ಮೇಲಿಟ್ಟ ಮೇಲೆ ಒಪ್ಪಿದರು. ಮೂರು ದಿನದ ಸಂಬಳವೂ ವಾಪಸ್ ಬಂತು.

ಇದು ಸಣ್ಣ ಪಟ್ಟಿ. ದೊಡ್ಡ ಪಟ್ಟಿಗೆ ಒಂದು ನಿಜವಾದ ಪರೀಕ್ಷೆಯ ಲೆಕ್ಕವನ್ನು ನಿಮ್ಮ ಮುಂದೆ ಮಾಡುತ್ತೇನೆ. 2018ರ ಜುಲೈನಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಅಮೆಜಾನ್‌ನ ರೆಕಗ್ನಿಷನ್ ಎಂಬ ಸೇವೆಯನ್ನು ಪರೀಕ್ಷಿಸಿತು. ಬಂಧನಕ್ಕೊಳಗಾದವರ 25,000 ಫೋಟೊಗಳ ಪಟ್ಟಿ ಮಾಡಿಕೊಂಡರು. ಅದರಲ್ಲಿ ಅಮೆರಿಕದ ಸಂಸತ್ತಿನ ಎಲ್ಲ 535 ಸದಸ್ಯರ ಮುಖ ಹುಡುಕಿದರು. 28 ಸದಸ್ಯರಿಗೆ ಬಂಧಿತರ ಪಟ್ಟಿಯಲ್ಲಿ ತಾಳೆ ಸಿಕ್ಕಿತು. ಎಲ್ಲವೂ ತಪ್ಪು.

535 ಸದಸ್ಯರು, ಒಬ್ಬೊಬ್ಬರಿಗೆ 25,000 ಹೋಲಿಕೆ. ಗುಣಿಸಿದರೆ 1 ಕೋಟಿ 33 ಲಕ್ಷ 75 ಸಾವಿರ ಹೋಲಿಕೆ. ಒಬ್ಬರಿಗೆ ಒಂದೇ ತಪ್ಪು ಎಂದು ಹಿಡಿದರೆ ಅಷ್ಟರಲ್ಲಿ ತಪ್ಪಾದದ್ದು 28. ಅಂದರೆ ಸುಮಾರು 4 ಲಕ್ಷ 78 ಸಾವಿರ ಹೋಲಿಕೆಗೆ ಒಂದು ತಪ್ಪು. ತಾಳೆ ನೋಡುವ ಕೆಲಸಕ್ಕೆ ಇಷ್ಟು ಒಳ್ಳೆಯ ಮಷೀನ್ ಸಿಕ್ಕರೆ ನಾನು ಕಣ್ಣುಮುಚ್ಚಿ ತಗೊಳ್ಳುತ್ತೇನೆ. ಆದರೆ ಅದೇ 28ನ್ನು ಜನರ ಲೆಕ್ಕದಲ್ಲಿ ನೋಡಿ. 535 ಜನರಲ್ಲಿ 28, ಅಂದರೆ 19 ಜನರಿಗೆ ಒಬ್ಬರ ಮೇಲೆ ಸುಳ್ಳು ಗುರುತು. ಒಂದೇ ಮಷೀನ್, ಒಂದೇ ಪರೀಕ್ಷೆ, ಒಂದೇ 28. ಹೋಲಿಕೆಯ ಲೆಕ್ಕದಲ್ಲಿ ಬಹಳ ಒಳ್ಳೆಯದು, ಮನುಷ್ಯರ ಲೆಕ್ಕದಲ್ಲಿ ಭಯ ಹುಟ್ಟಿಸುವಂಥದು. ಮಾರುವವರು "ನಿಖರತೆ ಇಷ್ಟು" ಎಂದು ಹೇಳಿದಾಗ ಯಾವ ಲೆಕ್ಕದಲ್ಲಿ ಎಂದು ಕೇಳಲೇಬೇಕು ಅನ್ನುವುದು ಇದಕ್ಕೇ.

ಆ ಪರೀಕ್ಷೆಯಲ್ಲಿ ಗೆರೆ ಇದ್ದದ್ದು 80ಕ್ಕೆ. ಆ ಸೇವೆಯಲ್ಲಿ ಮೊದಲಿನಿಂದ ಇಟ್ಟಿದ್ದ ಗೆರೆಯೇ ಅದು. ಪೊಲೀಸ್ ಕೆಲಸಕ್ಕೆ 99 ಇಡಬೇಕು ಎಂದು ಅಮೆಜಾನ್ ಆಮೇಲೆ ಹೇಳಿತು. ಸರಿಯಾದ ಮಾತೇ. ಗೆರೆ ಮೇಲೆ ಹೋದರೆ ಸುಳ್ಳು ಗುರುತು ಕಡಿಮೆ ಆಗುತ್ತದೆ. ಆದರೆ ಮಂಕು ಬೆಳಕಿನ ಸಿಸಿಟಿವಿ ಫೋಟೊದಲ್ಲಿ ನಿಜವಾದ ಕಳ್ಳನೂ ಆ ಗೆರೆ ದಾಟುವುದು ಕಷ್ಟ. ಆಗ ಏನೂ ಸಿಗಲಿಲ್ಲವಲ್ಲ ಎಂದು ಗೆರೆ ಇಳಿಸುವ ಒತ್ತಡ ಬರುತ್ತದೆ.

ನಮ್ಮ ದೇಶದ ಒಂದು ಸಂಗತಿಯನ್ನೂ ಹೇಳುತ್ತೇನೆ. 2022ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ ದೆಹಲಿ ಪೊಲೀಸರು ಕೊಟ್ಟ ಉತ್ತರದಲ್ಲಿ, ಶೇಕಡಾ 80ಕ್ಕಿಂತ ಮೇಲೆ ಹೋಲಿಕೆ ಬಂದರೆ ಅದನ್ನು ತಾಳೆ ಎಂದು ಪರಿಗಣಿಸುತ್ತೇವೆ ಎಂದಿತ್ತು. ಇದನ್ನು ಓದಿದವರಿಗೆ, ನನಗೂ ಮೊದಲ ಸಲ, ನೂರಕ್ಕೆ ಎಂಬತ್ತು ಪಾಲು ಇವನೇ ಎಂದು ಅನ್ನಿಸುತ್ತದೆ. ಹಾಗಲ್ಲ. 80 ಅನ್ನುವುದು ಎರಡು ಫೋಟೊಗಳು ಎಷ್ಟು ಹತ್ತಿರ ಅನ್ನುವ ಅಳತೆ. ಅವನೇ ಆಗಿರುವ ಸಾಧ್ಯತೆ ಎಷ್ಟು ಅನ್ನುವುದು ಪಟ್ಟಿ ಎಷ್ಟು ಉದ್ದ ಇದೆ, ನಾವು ಹುಡುಕುವವನು ಆ ಪಟ್ಟಿಯಲ್ಲಿ ಇದ್ದಾನೆಯೇ ಇಲ್ಲವೇ ಅನ್ನುವುದರ ಮೇಲೆ ನಿಂತಿದೆ. 300 ಜನರ ಪಟ್ಟಿಯಲ್ಲಿ ಬಂದ 80ಕ್ಕೂ ಒಂದು ಕೋಟಿ ಜನರ ಪಟ್ಟಿಯಲ್ಲಿ ಬಂದ 80ಕ್ಕೂ ಒಂದೇ ಬೆಲೆ ಇಲ್ಲ.

ಪಟ್ಟಿಯಲ್ಲಿ ಇದ್ದಾನೆಯೇ ಅನ್ನುವ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಿಮ್ಮ ಸ್ನೇಹಿತನನ್ನು ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಅವನು ಬಂದೇ ಇಲ್ಲ, ನಿಮಗೆ ಗೊತ್ತಿಲ್ಲ. ಅಷ್ಟು ಜನರಲ್ಲಿ ಅವನಿಗೆ ಎಲ್ಲರಿಗಿಂತ ಹೆಚ್ಚು ಹೋಲುವವನೊಬ್ಬ ಇದ್ದೇ ಇರುತ್ತಾನೆ. ದೂರದಿಂದ ನೋಡಿ ಕೂಗುತ್ತೀರಿ, ಅವನು ತಿರುಗಿದಾಗ ತಪ್ಪಾಯಿತು ಅನ್ನುತ್ತೀರಿ. ಜನ ಜಾಸ್ತಿ ಇದ್ದಷ್ಟೂ ಸಿಗುವ ಹೋಲಿಕೆ ಇನ್ನೂ ಗಟ್ಟಿಯಾಗಿರುತ್ತದೆ. ಹುಡುಕುವ ಮಷೀನ್ ಕೂಡ ಹೀಗೇ. ಮೇಲಿನ ಹತ್ತು ಹೆಸರು ಕೊಡು ಅಂದರೆ ಕೊಡುತ್ತದೆ, ನಿಜವಾದವನು ಪಟ್ಟಿಯಲ್ಲಿ ಇರಲಿ ಬಿಡಲಿ.

2018ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಅಂಗಡಿಯೊಂದರಲ್ಲಿ ಕೈಗಡಿಯಾರಗಳು ಕಳುವಾದವು. ಸಿಸಿಟಿವಿಯ ಮಸುಕು ಚಿತ್ರವನ್ನು ರಾಜ್ಯದ ಫೋಟೊ ಡೇಟಾಬೇಸ್‌ನಲ್ಲಿ ಹುಡುಕಿದರು. ಅದರಲ್ಲಿ ಡ್ರೈವಿಂಗ್ ಲೈಸೆನ್ಸ್ ಫೋಟೊಗಳೂ ಇದ್ದವು. ರಾಬರ್ಟ್ ವಿಲಿಯಮ್ಸ್ ಎಂಬವರ ಹಳೆಯ ಲೈಸೆನ್ಸ್ ಫೋಟೊ ಹೊರಬಂತು. ಪೊಲೀಸರು ಆ ಫೋಟೊವನ್ನು ಇನ್ನೈದು ಫೋಟೊಗಳ ಜೊತೆ ಇಟ್ಟು ಅಂಗಡಿಯ ಭದ್ರತೆ ನೋಡಿಕೊಳ್ಳುತ್ತಿದ್ದ ಕಂಪನಿಯವರಿಗೆ ತೋರಿಸಿದರು. ಅವರು ಕಳ್ಳತನವನ್ನು ಕಣ್ಣಾರೆ ನೋಡಿರಲಿಲ್ಲ, ವಿಡಿಯೊ ಮಾತ್ರ ನೋಡಿದ್ದರು. ಅವರು ವಿಲಿಯಮ್ಸ್ ಫೋಟೊವನ್ನೇ ತೋರಿಸಿದರು. 2020ರ ಜನವರಿಯಲ್ಲಿ ಹೆಂಡತಿ ಮಕ್ಕಳ ಎದುರಿಗೇ, ಮನೆಯ ಮುಂದೆ ವಿಲಿಯಮ್ಸ್ ಅವರಿಗೆ ಕೈಕೋಳ ಬಿತ್ತು. ಸುಮಾರು 30 ಗಂಟೆ ಒಳಗಿದ್ದರು. ಅವರು ಆ ಕಳ್ಳ ಆಗಿರಲಿಲ್ಲ.

ಇಲ್ಲಿ ಎರಡು ಸಾಕ್ಷಿ ಇದ್ದ ಹಾಗೆ ಕಾಣುತ್ತದೆ ಅಲ್ವಾ? ಮಷೀನ್ ಹೇಳಿತು, ಮನುಷ್ಯನೂ ಹೇಳಿದ. ನಿಜವಾಗಿ ಇದ್ದದ್ದು ಒಂದೇ. ಲಕ್ಷಾಂತರ ಮುಖಗಳಿಂದ ಆ ವಿಡಿಯೊದವನಿಗೆ ಹೆಚ್ಚು ಹೋಲುವ ಮುಖವನ್ನು ಮಷೀನ್ ಆರಿಸಿ ತಂದಿದೆ. ಹೋಲುತ್ತದೆ ಅನ್ನುವ ಕಾರಣಕ್ಕೇ ತಂದಿದೆ. ಅದನ್ನು ಅಷ್ಟೇನೂ ಹೋಲದ ಐದು ಮುಖಗಳ ನಡುವೆ ಇಟ್ಟು ಇವರಲ್ಲಿ ಯಾರು ಎಂದು ಕೇಳಿದರೆ ಮನುಷ್ಯ ಬೇರೆ ಯಾರನ್ನು ತೋರಿಸುತ್ತಾನೆ? ಮಷೀನ್‌ನ ತಪ್ಪನ್ನು ಮನುಷ್ಯ ಹಿಡಿಯುತ್ತಾನೆ ಎಂದು ನಾವು ಅಂದುಕೊಳ್ಳುತ್ತೇವೆ. ಹುಡುಕಾಟದಲ್ಲಿ ಮಷೀನ್ ಎಲ್ಲಿ ಮೋಸ ಹೋಗುತ್ತದೋ ಅಲ್ಲೇ ಮನುಷ್ಯನ ಕಣ್ಣೂ ಮೋಸ ಹೋಗುತ್ತದೆ. ಆ ಪ್ರಕರಣ 2024ರ ಜೂನ್‌ನಲ್ಲಿ ರಾಜಿಯಲ್ಲಿ ಮುಗಿಯಿತು. ಮುಖ ಹುಡುಕಾಟದ ಫಲಿತಾಂಶ ಒಂದನ್ನೇ ನಂಬಿ ಬಂಧಿಸುವಂತಿಲ್ಲ, ಹುಡುಕಾಟದ ಬೆನ್ನಿಗೇ ಫೋಟೊ ಸಾಲು ತೋರಿಸಿ ಅದರ ಮೇಲೂ ಬಂಧಿಸುವಂತಿಲ್ಲ ಎಂದು ಡೆಟ್ರಾಯಿಟ್ ಪೊಲೀಸರು ಒಪ್ಪಿದರು. ಆ ಎರಡನೇ ಷರತ್ತನ್ನು ಬರೆದವರಿಗೆ ವಿಷಯ ಸರಿಯಾಗಿ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ಫೋಟೊ ಬೇಡ. ಅವನು ಆ ದಿನ ಎಲ್ಲಿದ್ದ, ಫೋನ್ ಎಲ್ಲಿತ್ತು, ಮಾಲು ಯಾರ ಹತ್ತಿರ ಸಿಕ್ಕಿತು, ಮುಖಕ್ಕೆ ಸಂಬಂಧವೇ ಇಲ್ಲದ ಇಂಥ ಸಾಕ್ಷಿ ಬೇಕು.

ಗುಂಪಿನ ಮೇಲೆ ಕ್ಯಾಮೆರಾ ತಿರುಗಿಸಿದಾಗ ಗುಣಾಕಾರ ಇನ್ನೊಂದು ಸಲ ಆಗುತ್ತದೆ. ಮೆಜೆಸ್ಟಿಕ್‌ನ ಒಂದು ದ್ವಾರದಲ್ಲಿ ದಿನಕ್ಕೆ 50,000 ಜನ ಹಾದುಹೋಗುತ್ತಾರೆ, ಪೊಲೀಸರ ಪಟ್ಟಿಯಲ್ಲಿ 1,000 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ದಿನಕ್ಕೆ ಐದು ಕೋಟಿ ಹೋಲಿಕೆ. ಲಕ್ಷಕ್ಕೆ ಒಂದು ತಪ್ಪಾದರೂ ದಿನಕ್ಕೆ 500 ಸುಳ್ಳು ಎಚ್ಚರಿಕೆ. ಪಟ್ಟಿಯಲ್ಲಿರುವವರು ಆ ದಿನ ಅಲ್ಲಿ ಹಾದುಹೋದದ್ದು ಇಬ್ಬರೇ ಇರಬಹುದು. ಇದು ಬರೀ ಊಹೆಯ ಲೆಕ್ಕವಲ್ಲ. 2017ರ ಜೂನ್‌ನಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್ ನಡೆದಾಗ ಪೊಲೀಸರ ವ್ಯವಸ್ಥೆ 2,470 ಎಚ್ಚರಿಕೆ ಕೊಟ್ಟಿತು. 2,297 ಸುಳ್ಳು. ಅಲ್ಲಿಂದೀಚೆಗೆ ಸಾಫ್ಟ್‌ವೇರ್ ತುಂಬಾ ಸುಧಾರಿಸಿದೆ, ಅದನ್ನು ಒಪ್ಪಲೇಬೇಕು. ಆದರೆ ತಪ್ಪು ನೂರು ಪಟ್ಟು ಕಡಿಮೆಯಾದಾಗ ಪಟ್ಟಿಯನ್ನೂ ಕ್ಯಾಮೆರಾಗಳನ್ನೂ ನೂರು ಪಟ್ಟು ಬೆಳೆಸಿದರೆ ಸುಳ್ಳು ಎಚ್ಚರಿಕೆ ಕಡಿಮೆಯಾಗುವುದಿಲ್ಲ.

ತಾಳೆಯಲ್ಲಿ ತೊಂದರೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದರ ತೊಂದರೆ ಬೇರೆ. ಅಲ್ಲಿ ನಿಜವಾದವರೇ ಹೊರಗೆ ಉಳಿಯುತ್ತಾರೆ. ನೋಂದಣಿ ಫೋಟೊ ಹತ್ತು ವರ್ಷ ಹಳೆಯದು, ಹಲ್ಲು ಬಿದ್ದಿದೆ, ಮುಖ ಸೊರಗಿದೆ, ಅಂಕ ಇಳಿಯುತ್ತದೆ. ಪಿಂಚಣಿಗೋ ರೇಷನ್‌ಗೋ ಅಂಥ ತಡೆ ಬಂದರೆ ಅದು ಸಣ್ಣ ನೋವಲ್ಲ. ಇನ್ನೊಂದು, ನಂಬರ್ ಗೊತ್ತಿದ್ದವರು ಯಾರದೋ ಫೋಟೊ ಹಿಡಿದು ಮೋಸ ಮಾಡಬಹುದು. ಕಣ್ಣು ಮಿಟುಕಿಸಿ ಅನ್ನುವುದು ಆ ಮೋಸ ತಡೆಯಲಿಕ್ಕೆ. ಆದರೂ ತಾಳೆ ತಪ್ಪಿದಾಗ ನೀವು ಅಲ್ಲೇ ಇರುತ್ತೀರಿ. ತಪ್ಪಿತು ಎಂದು ತಕ್ಷಣ ಗೊತ್ತಾಗುತ್ತದೆ, ಕುರ್ಚಿ ತಿರುಗಿಸಬಹುದು, ಇನ್ನೊಂದು ದಾಖಲೆ ತೋರಿಸಬಹುದು. ಹುಡುಕಾಟ ತಪ್ಪಿದಾಗ ನಿಮ್ಮನ್ನು ಹುಡುಕಿದ್ದೇ ನಿಮಗೆ ಗೊತ್ತಿರುವುದಿಲ್ಲ.

ಈಗ ಪ್ರಶ್ನೆಗಳು.

ಒಬ್ಬರು ಕೇಳಿದರು: "ಸರ್, ಕೆಂಪೇಗೌಡ ವಿಮಾನ ನಿಲ್ದಾಣದ ಡಿಜಿಯಾತ್ರಾ ಯಾವುದು?" ಇದು ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ ಶುರುವಾಯಿತು. ಪ್ರವೇಶದಲ್ಲಿ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿ ಆಮೇಲೆ ಮುಖ ತೋರಿಸಿದರೆ ಅದು ತಾಳೆ. ಪಾಸ್ ಮೊದಲೇ ನಿಮ್ಮ ಹೆಸರು ಹೇಳಿಬಿಟ್ಟಿದೆ. ಎಲ್ಲಾದರೂ ಏನೂ ತೋರಿಸದೆ ಬರೀ ಮುಖಕ್ಕೇ ಬಾಗಿಲು ತೆರೆದರೆ ಅಲ್ಲಿ ಹುಡುಕಾಟ ನಡೆದಿದೆ ಎಂದೇ ಅರ್ಥ. ಆದರೆ ಚಿಕ್ಕ ಪಟ್ಟಿಯಲ್ಲಿ, ಆ ಹೊತ್ತಿಗೆ ಹೊರಡುವವರ ನಡುವೆ. ವಿಮಾನ ಹೊರಟ 24 ಗಂಟೆಯೊಳಗೆ ಈ ಮಾಹಿತಿ ಅಳಿಸಬೇಕು ಎಂಬ ನಿಯಮ ಇದೆ. ಅದನ್ನು ಖಾಸಗಿತನದ ನಿಯಮ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕೆಲಸದ ಕಣ್ಣಿಗೆ ಅದು ನಿಖರತೆಯ ನಿಯಮವೂ ಹೌದು. ಅಳಿಸದೆ ಇಟ್ಟುಕೊಂಡರೆ ಪಟ್ಟಿ ಬೆಳೆಯುತ್ತದೆ, ಪಟ್ಟಿ ಬೆಳೆದರೆ ಆ ಕಾರ್ಖಾನೆಯ ಕಥೆಯೇ.

ಇನ್ನೊಬ್ಬರು, ನಿವೃತ್ತ ಮೇಷ್ಟ್ರು, ಕೇಳಿದರು: "ಆಧಾರ್‌ನಲ್ಲಿ ನೂರು ಕೋಟಿಗೂ ಜಾಸ್ತಿ ಜನ ಇದ್ದಾರಲ್ಲಪ್ಪ. ಒಬ್ಬರಿಗೆ ಎರಡು ನಂಬರ್ ಆಗದ ಹಾಗೆ ಹುಡುಕಲೇಬೇಕಲ್ಲ?" ಹೌದು ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಒಂದೇ ಆಧಾರ್‌ನಲ್ಲಿ ಎರಡೂ ಇವೆ. ನಂಬರ್ ಕೊಟ್ಟು ದೃಢೀಕರಣ ಮಾಡುವಾಗ ತಾಳೆ. ಹೊಸದಾಗಿ ಸೇರಿಸುವಾಗ, ಇವರು ಮೊದಲೇ ಇದ್ದಾರಾ ಅನ್ನುವುದು ಹುಡುಕಾಟ. ಆ ದೊಡ್ಡ ಹುಡುಕಾಟವನ್ನು ಮುಖವೊಂದನ್ನೇ ನಂಬಿ ಕಟ್ಟಲಿಲ್ಲ. ಹತ್ತು ಬೆರಳು, ಎರಡು ಕಣ್ಣಿನ ಪಾಪೆ ತಗೊಂಡರು. 2012ರಲ್ಲಿ ಪ್ರಾಧಿಕಾರವೇ ಪ್ರಕಟಿಸಿದ ಲೆಕ್ಕದ ಪ್ರಕಾರ, ಪಟ್ಟಿಯಲ್ಲಿ 8.4 ಕೋಟಿ ಜನ ಇದ್ದಾಗ, ನಿಜವಾಗಿ ಹೊಸಬರಾದವರಲ್ಲಿ ಶೇಕಡಾ 0.057 ಜನರನ್ನು ವ್ಯವಸ್ಥೆ ತಪ್ಪಾಗಿ ಹಳಬರು ಎಂದಿತ್ತು. ಹತ್ತು ಲಕ್ಷಕ್ಕೆ 570 ಜನ. ಅಂಥವನ್ನು ಮನುಷ್ಯರು ಕೂತು ಪರಿಶೀಲಿಸುವ ಏರ್ಪಾಡು ಇತ್ತು. ಹತ್ತು ಬೆರಳು ಎರಡು ಕಣ್ಣು ಸೇರಿಯೂ ಇಷ್ಟು ಉಳಿಯುತ್ತದೆ ಅಂದರೆ, ರಸ್ತೆಯ ಕಂಬದ ಮೇಲಿಂದ ತೆಗೆದ ಒಂದು ಮುಖದಿಂದ ಎಷ್ಟು ನಿರೀಕ್ಷಿಸಬಹುದು ಎಂದು ನೀವೇ ಅಂದಾಜು ಮಾಡಿ.

ಕೊನೆಯದಾಗಿ ಒಬ್ಬ ಹೆಣ್ಣುಮಗಳು ಕೇಳಿದರು: "ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಗೇಟಿಗೆ ಮುಖ ನೋಡಿ ತೆರೆಯುವ ಮಷೀನ್ ಹಾಕುತ್ತಾರಂತೆ. ಮನೆಗೆಲಸದವರದ್ದೂ ಮುಖ ಸೇರಿಸಬೇಕಂತೆ. ಮೀಟಿಂಗ್‌ನಲ್ಲಿ ಏನು ಕೇಳಲಿ?"

ಮೊದಲು ಕೇಳಿ: ಫ್ಲಾಟ್ ನಂಬರ್ ಒತ್ತಿದ ಮೇಲೆ ಮುಖ ನೋಡುತ್ತದಾ, ಅಥವಾ ಬರೀ ಮುಖಾನಾ? ಫ್ಲಾಟ್ ನಂಬರ್ ಒತ್ತಿದರೆ ಆ ಮನೆಯ ನಾಲ್ಕೈದು ಮುಖ ಮಾತ್ರ ನೋಡಿದರೆ ಸಾಕು. ಆಮೇಲೆ, ಪಟ್ಟಿಯಲ್ಲಿ ಒಟ್ಟು ಎಷ್ಟು ಮುಖ, ಗೆರೆ ಎಷ್ಟಕ್ಕೆ ಇಟ್ಟಿದ್ದೀರಿ, ಜನ ಸೇರಿದಾಗ ಅದನ್ನು ಯಾರು ನೋಡುತ್ತಾರೆ ಎಂದು ಕೇಳಿ. ಕೆಲಸ ಬಿಟ್ಟವರ ಮುಖ ಯಾವಾಗ ಅಳಿಸುತ್ತೀರಿ ಎಂದು ಕೇಳಿ. ಕೊನೆಗೆ ಇದೊಂದನ್ನು ಬರೆದು ಕೊಡಿ ಅನ್ನಿ: ಒಂದು ವಸ್ತು ಕಳುವಾಗಿ, ಆ ಹೊತ್ತಿಗೆ ಮಷೀನ್ ಒಬ್ಬ ಮನೆಗೆಲಸದವಳ ಹೆಸರು ತೋರಿಸಿದರೆ, ಅವಳನ್ನು ಕರೆದು ಕೇಳುವ ಮೊದಲು ಲಾಗ್‌ನಲ್ಲಿ ಎರಡನೇ ಸಾಲು ಯಾರದ್ದು, ಎರಡರ ನಡುವೆ ಅಂತರ ಎಷ್ಟು ಎಂದು ನೋಡಬೇಕು. ಲಾಗ್‌ನಲ್ಲಿ ಎರಡನೇ ಸಾಲೇ ಇರದ ಮಷೀನ್ ಆದರೆ, ಅದನ್ನು ಹಾಕಬೇಡಿ.